ಫೋಟೋದಲ್ಲಿ ಎಲ್ಲ ಇದ್ದಲ್ಲೇ ಇರಬೇಕು, ಮಧ್ಯಾಹ್ನ ಹೋಗಿ ಬೆಳದಿಂಗಳು ಬರಬೇಕು. ಎಲ್ಲಿ ತಪ್ಪುತ್ತಿದ್ದೇನೆ?

ಕೋಡಿಬಾಗದವಳು

ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ಒಂದು ಸಣ್ಣ ಚಿತ್ರಪುಸ್ತಕ ಮಾಡುತ್ತಿದ್ದೇನೆ. ಜಾಗ ಒಂದೇ, ಹೊತ್ತು ನಾಲ್ಕು: ಬೆಳಗು, ಮಧ್ಯಾಹ್ನ, ಬೆಳದಿಂಗಳು, ಮಳೆಗಾಲ. ಪುಟ ತಿರುಗಿಸಿದಾಗ ದೋಣಿ ಅಲ್ಲೇ, ಗುಡ್ಡ ಅಲ್ಲೇ, ಹೊತ್ತು ಮಾತ್ರ ಬೇರೆ ಆಗಬೇಕು. ಅಷ್ಟೇ ನನ್ನ ಆಸೆ.

ಕಾಳಿ ಹೊಳೆ ಸಮುದ್ರ ಸೇರುವ ಕಡೆ ನಮ್ಮ ದಡದಿಂದ ತೆಗೆದ ಒಂದು ಫೋಟೋ ಇದೆ. ಏಪ್ರಿಲ್ ತಿಂಗಳ ಸುಡುಮಧ್ಯಾಹ್ನ. ಮುಂದೆ ಮರಳಿನ ಮೇಲೆ ಒಂದು ಪಾತಿ ದೋಣಿ, ಎಡಕ್ಕೆ ಎರಡು ತೆಂಗಿನಮರ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಬಲಕ್ಕೆ ದೂರದಲ್ಲಿ ಸೇತುವೆ. ಮನೆಯ ಕಂಪ್ಯೂಟರಿನಲ್ಲೇ ಬರೆದುಕೊಟ್ಟ ಪ್ರಾಂಪ್ಟಿನಿಂದ ಚಿತ್ರ ಮಾಡುವ ಎಐ ಮಾಡೆಲ್ ಸ್ಟೇಬಲ್ ಡಿಫ್ಯೂಶನ್ 1.5 ಹಾಕಿಕೊಂಡು, ಆಕಾರವನ್ನು ಇದ್ದಲ್ಲೇ ಹಿಡಿದಿಡುವ ಕಂಟ್ರೋಲ್‌ನೆಟ್‌ನಲ್ಲಿ ಕ್ಯಾನಿ ಆರಿಸಿ, 768x512 ಅಳತೆಯಲ್ಲಿ ಮಾಡುತ್ತಿದ್ದೇನೆ.

ಬೆಳದಿಂಗಳ ಚಿತ್ರದಲ್ಲಿ ಎಲ್ಲವೂ ಇದ್ದಲ್ಲೇ ಬಂತು, ಖುಷಿ. ಆದರೆ ದೋಣಿಯ ಕೆಳಗಿನ ಮಧ್ಯಾಹ್ನದ ನೆರಳೂ ಹಾಗೇ ಬಂತು, ಅದೂ ಕಪ್ಪು ಹೊಂಡದ ಥರ. ಮರಳಿನ ಮೇಲಿದ್ದ ಹೆಜ್ಜೆ ಗುರುತೆಲ್ಲ ಕಲ್ಲಾಗಿ ಕೂತಿವೆ. ಕಂಟ್ರೋಲ್‌ನೆಟ್ ಬಿಟ್ಟು ಬರೀ ಇಮೇಜ್-ಟು-ಇಮೇಜ್ ಮಾಡಿದರೆ ಇನ್ನೊಂದು ತಾಪತ್ರಯ. ಫೋಟೋವನ್ನು ಎಷ್ಟು ಬದಲಿಸಬೇಕು ಅನ್ನುವ ಡಿನಾಯ್ಸಿಂಗ್ 0.5 ಇಟ್ಟರೆ ಚಂದ್ರ ಇದ್ದರೂ ಮಧ್ಯಾಹ್ನವೇ, 0.8 ಇಟ್ಟರೆ ರಾತ್ರಿ ಆಗುತ್ತದೆ ಆದರೆ ದೋಣಿ ಎಲ್ಲೋ ಹೋಗಿ ಕೂರುತ್ತದೆ.

ಹೊನ್ನಾವರ ಎಕ್ಸ್‌ಪ್ರೆಸ್

ಇದು ಸುಲಭ ಅಕ್ಕಾ. ಕ್ಯಾನಿ ಬಹಳ ಬಿಗಿ, 1 ಇಟ್ಟರೆ ಕುತ್ತಿಗೆ ಹಿಡಿದ ಹಾಗೆ. `Control Weight` 0.4ಕ್ಕೆ ಇಳಿಸಿ, ನೆರಳು ಹೋಗುತ್ತದೆ. ನಾನು ಯಾವಾಗಲೂ ಹಾಗೇ ಮಾಡೋದು.

ಬೈತಖೋಲ ಮಾಮ

ಹೊಳೆ ಬಾಯಿಯ ಆಳ ಬೇಕಾ? ಈ ಗುಂಪಿನಲ್ಲಿ ಡೆಪ್ತ್ ಮ್ಯಾಪ್ ಡೆಪ್ತ್ ಮ್ಯಾಪ್ ಅಂತ ಮೊನ್ನೆಯಿಂದ ಮಾತು ನಡೀತಿದೆ, ಅದಕ್ಕೆ ಹೇಳ್ತೇನೆ. ಆಳದ ಚಾರ್ಟ್ ಮಾಡೋದು ಡೆಹ್ರಾಡೂನಿನ ಜಲಮಾಪನ ಕಚೇರಿ. ಆದರೆ ಹೊಳೆ ಬಾಯಿಯ ಮರಳು ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸ್ತದೆ, ಚಾರ್ಟ್ ನಂಬಿ ದೋಣಿ ತರಬೇಡಿ.

ಕೋಡಿಬಾಗದವಳು

ಮಾಮಾ, ಅದು ಹೊಳೆಯ ಆಳ ಅಲ್ಲ 😄 ಚಿತ್ರದಲ್ಲಿ ಯಾವುದು ಹತ್ತಿರ, ಯಾವುದು ದೂರ ಅಂತ ತೋರಿಸುವ ಕಪ್ಪು-ಬಿಳುಪು ಚಿತ್ರ.

ಎಕ್ಸ್‌ಪ್ರೆಸ್, 0.4 ಮಾಡಿ ನೋಡಿದೆ. ನೆರಳೇನೋ ಹೋಯಿತು. ಆದರೆ ತೆಂಗಿನಮರ ಎರಡಿದ್ದದ್ದು ಮೂರಾಯಿತು, ಸೇತುವೆ ಮಾಯ, ದೋಣಿ ಯಾವುದೋ ಕೆರೆಯಲ್ಲಿ ತಿರುಗಾಡಿಸುವ ದೋಣಿಯ ಹಾಗೆ ಆಯಿತು.

ಬನವಾಸಿ ರಸ್ತೆ

ಎಕ್ಸ್‌ಪ್ರೆಸ್ ಹೇಳಿದ್ದು ಅರ್ಧ ಸರಿ. ತೂಕ ಇಳಿಸಿದರೆ ನೆರಳಿನ ಹಿಡಿತವೂ ಸಡಿಲ ಆಗುತ್ತದೆ, ದೋಣಿಯ ಹಿಡಿತವೂ ಸಡಿಲ ಆಗುತ್ತದೆ. ಕ್ಯಾನಿಗೆ ಇವೆರಡೂ ಒಂದೇ ಜಾತಿ. ಅದಕ್ಕೆ ಕಾಣುವುದು ಬರೀ ಅಂಚು, ಅಂದರೆ ಬೆಳಕು ಥಟ್ಟನೆ ಕತ್ತಲಾಗುವ ಗೆರೆ. ಮಧ್ಯಾಹ್ನದ ಬಿಸಿಲಲ್ಲಿ ಎಲ್ಲಕ್ಕಿಂತ ಗಟ್ಟಿ ಅಂಚು ಇರೋದು ನೆರಳಿಗೆ. ದೋಣಿಯ ಮೈಗಿಂತ ನೆರಳೇ ಚೆನ್ನಾಗಿ ದಾಖಲಾಗಿರುತ್ತದೆ. ನಿಮ್ಮ ಕ್ಯಾನಿ ಚಿತ್ರ ತೆರೆದು ನೋಡಿ, ಹೆಜ್ಜೆ ಗುರುತಿನ ಸುತ್ತ ಎಷ್ಟು ಬಿಳಿ ಗೆರೆ ಇದೆ ಅಂತ. ಅಲ್ಲಿ ಗೆರೆ ಇದೆ ಅಂತಾದರೆ ಮಾಡೆಲ್ ಆ ಗೆರೆಗೆ ಏನಾದರೂ ಕಾರಣ ಹುಡುಕಲೇಬೇಕು. ರಾತ್ರಿ ಅಂದಿರಿ, ಬಿಸಿಲಿಲ್ಲ, ಹಾಗಾಗಿ ನೆರಳು ಹೊಂಡವಾಯಿತು, ಹೆಜ್ಜೆ ಕಲ್ಲಾಯಿತು.

ನಿಮ್ಮ ಕೆಲಸಕ್ಕೆ ಡೆಪ್ತ್ ಸರಿ. ಯಾಕೆ ಅಂದರೆ ಡೆಪ್ತ್‌ಗೆ ಕಾಣದೇ ಇರುವ ಸಂಗತಿಗಳೇ ನೀವು ಬದಲಿಸಬೇಕು ಅಂತಿರುವುದು. ಬಣ್ಣ, ಬೆಳಕು, ನೆರಳು, ಮೋಡ, ಮರಳು ಒದ್ದೆಯೋ ಒಣಗಿದೆಯೋ, ಇದು ಯಾವುದೂ ಅದರಲ್ಲಿ ಇರುವುದಿಲ್ಲ. ಆಕಾರ ಮತ್ತು ದೂರ ಮಾತ್ರ ಇರುತ್ತದೆ. ಹತ್ತಿರದ್ದು ಬಿಳಿ, ದೂರದ್ದು ಕಪ್ಪು. ಹಾಗಾಗಿ ಹಗಲು ರಾತ್ರಿ ಮಾಡುವಾಗ ಅದು ಅಡ್ಡ ಬರೋದಿಲ್ಲ.

ಹೀಗೆ ಮಾಡಿ. `Preprocessor` ಜಾಗದಲ್ಲಿ ಡೆಪ್ತ್‌ನ ಯಾವುದಾದರೂ ಒಂದು, ಮಿಡಾಸ್ ಆದರೂ ಆಯಿತು, ಡೆಪ್ತ್ ಎನಿಥಿಂಗ್ ಇದ್ದರೆ ಇನ್ನೂ ಒಳ್ಳೆಯದು, ಅಂಚು ಸ್ವಚ್ಛ ಬರುತ್ತದೆ. ಮಾಡೆಲ್ `control_v11f1p_sd15_depth`. ತೂಕ 0.8. `Ending Control Step` 0.6. ಈ ಕೊನೆಯದನ್ನು ಜಾಸ್ತಿ ಜನ ಮುಟ್ಟುವುದೇ ಇಲ್ಲ. 25 ಸ್ಟೆಪ್ ಇದ್ದರೆ ಯಾವುದು ಎಲ್ಲಿ ಅನ್ನೋದು ಮೊದಲಿನ ಸ್ಟೆಪ್‌ಗಳಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ನಡೆಯೋದು ಮೈ ತುಂಬುವ ಕೆಲಸ. 15ನೇ ಸ್ಟೆಪ್‌ಗೆ ಡೆಪ್ತ್ ಕೈ ಬಿಟ್ಟರೂ ದೋಣಿ ಓಡಿಹೋಗುವುದಿಲ್ಲ, ಆದರೆ ಮರಳಿನ ಮೇಲೆ ಬೆಳದಿಂಗಳ ಹೊಳಪು ತರಲು ಮಾಡೆಲ್‌ಗೆ ಬಿಡುವು ಸಿಗುತ್ತದೆ.

ಅಡಿಕೆ ಮಾಣಿ

ಮಧ್ಯೆ ಬಾಯಿ ಹಾಕ್ತೇನೆ, ಬೈಬೇಡಿ. ನಂದು ಫೋಟೋ ಅಲ್ಲ, ಪೆನ್ಸಿಲ್ ಸ್ಕೆಚ್. ಮನೆ, ಅಂಗಳ, ಹಿಂದೆ ಅಡಿಕೆ ತೋಟ. ಮೊಬೈಲಲ್ಲಿ ಫೋಟೋ ಹೊಡೆದು ಸ್ಕ್ರಿಬಲ್ ಮಾಡೆಲ್‌ಗೆ ಹಾಕಿದೆ, ಪ್ರಿಪ್ರೊಸೆಸರ್ `none`. ಮನೆಯೂ ಇಲ್ಲ ತೋಟವೂ ಇಲ್ಲ, ಏನೋ ಕಲಸುಮೇಲೋಗರ ಬರ್ತದೆ. ಸ್ಕೆಚ್ಚಿಗೂ ಡೆಪ್ತೇ ಹಾಕಬೇಕಾ?

ಬನವಾಸಿ ರಸ್ತೆ

ಬೇಡ ಮಾಣಿ. ನಿನ್ನದು ಬಿಳಿ ಹಾಳೆ ಮೇಲೆ ಕಪ್ಪು ಗೆರೆ ಅಲ್ವಾ? ಮಾಡೆಲ್ ಕಲಿತಿರುವುದು ಕಪ್ಪು ಹಾಳೆ ಮೇಲೆ ಬಿಳಿ ಗೆರೆ. ನಿನ್ನ ಇಡೀ ಹಾಳೆಯನ್ನೇ ಅದು ಗೆರೆ ಅಂತ ಓದುತ್ತಿದೆ. `none` ತೆಗೆದು `invert` ಹಾಕು. ಅದಕ್ಕೂ ಮೊದಲು ಫೋಟೋದಲ್ಲಿ ಮೊಬೈಲಿನ ನೆರಳು ಬಿದ್ದಿದ್ದರೆ ಅದನ್ನು ತೆಗೆ. ಗಿಂಪ್‌ನಲ್ಲಿ ಥ್ರೆಶೋಲ್ಡ್ ಎಳೆದರೆ ಹಾಳೆ ಪೂರ್ತಿ ಬಿಳಿ, ಗೆರೆ ಪೂರ್ತಿ ಕಪ್ಪು ಆಗುತ್ತದೆ.

ಇನ್ನೊಂದು. ಅಡಿಕೆ ಮರ ಎಲ್ಲ ಒಂದೊಂದು ಗೆರೆ ಎಳೆದು ಬಿಟ್ಟಿರುತ್ತೀಯ, ಗೊತ್ತು. ಈ ಮಾಡೆಲ್ ಒಳಗೆ ಕೆಲಸ ಮಾಡುವಾಗ ಚಿತ್ರದ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಜಾಗ ಅದಕ್ಕೆ ಒಂದು ಚೌಕ. 768x512 ಚಿತ್ರ ಅಂದರೆ ಒಳಗೆ 96x64 ಚೌಕ, ಅಷ್ಟೇ. ನಿನ್ನ ಮರ 4 ಪಿಕ್ಸೆಲ್ ದಪ್ಪ ಇದ್ದರೆ ಅರ್ಧ ಚೌಕ. ಡೊಂಕಾಗುತ್ತದೆ, ಪಕ್ಕದ ಮರದ ಜೊತೆ ಅಂಟಿಕೊಳ್ಳುತ್ತದೆ. ಹತ್ತಿರದ ಐದಾರು ಮರ ದಪ್ಪಗೆ ಬರೆ. ಹಿಂದಿನ ತೋಟವನ್ನು ಬರೆಯಲೇಬೇಡ, ಪ್ರಾಂಪ್ಟಿನಲ್ಲಿ ಹೇಳು. ಸ್ಕ್ರಿಬಲ್‌ನಲ್ಲಿ ಖಾಲಿ ಬಿಟ್ಟ ಜಾಗ ಹೆಚ್ಚುಕಡಿಮೆ ಖಾಲಿಯೇ, ಅಲ್ಲಿ ಅದು ತನಗೆ ತೋಚಿದ್ದು ತುಂಬುತ್ತದೆ.

ಕೋಡಿಬಾಗದವಳು

ಅಣ್ಣಾ, ಡೆಪ್ತ್ ಹಾಕಿದೆ. ನೆರಳಿನ ಹೊಂಡ ಪೂರ್ತಿ ಹೋಯಿತು! ಹೆಜ್ಜೆ ಕಲ್ಲೂ ಇಲ್ಲ. ಬೆಳದಿಂಗಳು ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಸದಾಶಿವಗಡವೇ ಇಲ್ಲ. ನಾಲ್ಕು ಸೀಡ್‌ನಲ್ಲಿ ಮಾಡಿದೆ. ಎರಡರಲ್ಲಿ ಗುಡ್ಡ ಇದ್ದ ಜಾಗದಲ್ಲಿ ಬರೀ ಸಮುದ್ರ, ಒಂದರಲ್ಲಿ ಮೋಡ, ಒಂದರಲ್ಲಿ ಮಾತ್ರ ಗುಡ್ಡ, ಅದೂ ಹಿಮಾಲಯದ ಥರ ಚೂಪು. ಸೇತುವೆ ನಾಲ್ಕರಲ್ಲೂ ಇಲ್ಲ. ದೋಣಿಗೆ ಪಕ್ಕದಲ್ಲಿ ಕಟ್ಟಿದ ತೇಲುಮರವೂ ಇಲ್ಲ.

ಬನವಾಸಿ ರಸ್ತೆ

ಡೆಪ್ತ್ ಚಿತ್ರವನ್ನು ಗಿಂಪ್‌ನಲ್ಲಿ ತೆರೆದು ಗುಡ್ಡದ ಮೇಲೆ ಬಣ್ಣ ಅಳೆಯುವ ಪಿಪೆಟ್ ಇಟ್ಟು ಹೇಳಿ, ಎಷ್ಟಿದೆ? ಆಕಾಶದಲ್ಲಿ ಎಷ್ಟಿದೆ?

ಕೋಡಿಬಾಗದವಳು

ಗುಡ್ಡ 9, ಆಕಾಶ 2. ದೋಣಿ 190ರ ಹತ್ತಿರ. ಸೇತುವೆ ಇರುವ ಕಡೆ ಸುತ್ತಲಿನ ಬೂದುಬಣ್ಣವೇ, ಸೇತುವೆ ಅಂತ ಬೇರೆ ಏನೂ ಕಾಣೋದಿಲ್ಲ.

ಬನವಾಸಿ ರಸ್ತೆ

ಹಾಂ, ಅದೇ. 0ಯಿಂದ 255ರವರೆಗಿನ ಬೂದುಬಣ್ಣದಲ್ಲಿ ಮುಂದಿನ ಹತ್ತಿಪ್ಪತ್ತು ಅಡಿ ಮರಳೇ ಜಾಸ್ತಿ ಪಾಲು ತಿಂದುಬಿಟ್ಟಿದೆ. ಹೊಳೆ ದಾಟಿ ಆಚೆಯ ಗುಡ್ಡಕ್ಕೆ ಉಳಿದದ್ದು ತಳದ ಚೂರು. ಈ ಮ್ಯಾಪ್‌ಗಳು ಅಳತೆ ಪಟ್ಟಿಯ ಹಾಗೆ ಸಮ ಇರುವುದಿಲ್ಲ, ಹತ್ತಿರದ್ದಕ್ಕೆ ವಿಸ್ತಾರ ಜಾಸ್ತಿ, ದೂರದ್ದು ಮುದುಡಿಕೊಂಡಿರುತ್ತದೆ. 9ಕ್ಕೂ 2ಕ್ಕೂ ಇರುವ ಅಂತರ ಮಾಡೆಲ್‌ಗೆ ಗುಡ್ಡ ಅಂತ ಹೇಳುವಷ್ಟು ಜೋರಾಗಿಲ್ಲ.

ಮದ್ದು ಕೈಯಲ್ಲೇ ಇದೆ. ಗುಡ್ಡದ ಆಕಾರವನ್ನು ಆಯ್ದುಕೊಂಡು 45ಕ್ಕೆ ಏರಿಸಿ. ಆಕಾಶ 0 ಮಾಡಿ. ಆಚೆ ದಡದ ನೀರು ಈಗ ಎಷ್ಟಿದೆಯೋ ನೋಡಿ ಗುಡ್ಡಕ್ಕಿಂತ ಸ್ವಲ್ಪ ಮೇಲೆ ಇರಲಿ, ಇಲ್ಲದಿದ್ದರೆ ಗುಡ್ಡ ನೀರಿಗಿಂತ ಮುಂದೆ ಬಂದು ನಿಲ್ಲುತ್ತದೆ. ಉಳಿಸಿಕೊಂಡು ಮತ್ತೆ ಹಾಕುವಾಗ ಪ್ರಿಪ್ರೊಸೆಸರ್ `none` ಮಾಡೋದು ಮರೀಬೇಡಿ. ಮರೆತರೆ ಡೆಪ್ತ್ ಚಿತ್ರವನ್ನೇ ಫೋಟೋ ಅಂತ ತಿಳಿದು ಅದರ ಡೆಪ್ತ್ ತೆಗೆಯುತ್ತದೆ, ನೀವು ತಿದ್ದಿದ್ದೆಲ್ಲ ನೀರುಪಾಲು. ನಾನು ಇದನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ.

ಸೇತುವೆ ಡೆಪ್ತ್‌ನಿಂದ ಬರೋದಿಲ್ಲ, ಆಸೆ ಬಿಡಿ. ಅದಕ್ಕೆ ಎರಡನೇ ಕಂಟ್ರೋಲ್‌ನೆಟ್ ಹಾಕಿ. ಅದೇ 768x512 ಅಳತೆಯ ಕಪ್ಪು ಹಾಳೆ, ಅದರ ಮೇಲೆ ಸೇತುವೆಯ ಮೇಲ್ಗೆರೆ ಮತ್ತು ಕಂಬಗಳು ಮಾತ್ರ ಬಿಳಿ ಗೆರೆಯಲ್ಲಿ. ಮಾಡೆಲ್ ಸ್ಕ್ರಿಬಲ್. ಕೋಡ್ ಬರೆದು ಮಾಡುವವರಿಗೆ ಡಿಫ್ಯೂಸರ್ಸ್‌ನಲ್ಲಿ ಹೀಗೆ:

```python
img = pipe(
    prompt,
    image=[depth, bridge],
    controlnet_conditioning_scale=[0.8, 0.5],
    control_guidance_end=[0.6, 0.9],
    num_inference_steps=25,
).images[0]
```

ಸೇತುವೆಯನ್ನು 0.9ವರೆಗೆ ಯಾಕೆ ಹಿಡಿದದ್ದು ಅಂದರೆ ಅದು ತೆಳು. ಬೇಗ ಕೈ ಬಿಟ್ಟರೆ ಕೊನೆಯ ಸ್ಟೆಪ್‌ಗಳಲ್ಲಿ ಕರಗಿಹೋಗುತ್ತದೆ. ಒಂದು ತೊಂದರೆ ಇದೆ: ಆ ಕಪ್ಪು ಹಾಳೆಯ ಉಳಿದ ಭಾಗವೂ ಸ್ವಲ್ಪ ಮಾತಾಡುತ್ತದೆ, ‘ಇಲ್ಲಿ ಏನೂ ಇಲ್ಲ’ ಅಂತ. ಮರಳು ನುಣುಪಾದ ಹಾಗೆ ಕಂಡರೆ ಅದರ ತೂಕ 0.35ಕ್ಕೆ ಇಳಿಸಿ ನೋಡಿ.

ಹೊನ್ನಾವರ ಎಕ್ಸ್‌ಪ್ರೆಸ್

ಕಪ್ಪು ಅಂದರೆ ಖಾಲಿ ಅಲ್ವಾ? ಡೆಪ್ತ್‌ನಲ್ಲಿ ಬೇಡದ ಜಾಗಕ್ಕೆಲ್ಲ ಕಪ್ಪು ಬಳಿದುಬಿಟ್ಟರೆ ಮಾಡೆಲ್ ತನಗೆ ಬೇಕಾದ್ದು ಹಾಕಿಕೊಳ್ಳುತ್ತದೆ. ನಾನು ಹಾಗೇ ತಿಳಿದಿದ್ದೆ.

ಬನವಾಸಿ ರಸ್ತೆ

ಸ್ಕ್ರಿಬಲ್‌ನಲ್ಲಿ ಕಪ್ಪು ಅಂದರೆ ಗೆರೆ ಇಲ್ಲ. ಡೆಪ್ತ್‌ನಲ್ಲಿ ಕಪ್ಪು ಅಂದರೆ ಬಹಳ ದೂರ. ಅದು ಖಾಲಿ ಅಲ್ಲ, ಅದೂ ಒಂದು ಅಪ್ಪಣೆ. ಮರಳಿನ ನಡುವೆ ಕಪ್ಪು ಬಳಿದರೆ ಅಲ್ಲಿ ಬಾವಿ ತೋಡಿದ ಹಾಗೆ. ಆಕಾಶದಲ್ಲಿ ಮಾತ್ರ ನಿನ್ನ ಲೆಕ್ಕ ನಡೆಯುತ್ತದೆ, ಯಾಕೆಂದರೆ ಮೋಡ ಇದ್ದರೂ ಇಲ್ಲದಿದ್ದರೂ ಆಕಾಶದ ಡೆಪ್ತ್ ಕಪ್ಪೇ. ಹಾಗಾಗಿ ಅಲ್ಲಿ ಚಂದ್ರನೂ ಬರಬಹುದು, ಕಾರ್ಮೋಡವೂ ಬರಬಹುದು.

ಕುಮಟೆ ಡ್ರಾಯಿಂಗ್ ಮಾಸ್ತರ್

ನಿವೃತ್ತ ಮಾಸ್ತರ್ ನಾನು. ಮೊಮ್ಮಗ ಇದನ್ನೆಲ್ಲ ಹಾಕಿಕೊಟ್ಟಿದ್ದಾನೆ. ಫೋಟೋದ ಹಂಗು ಯಾಕೆ, ಬೂದುಬಣ್ಣದ ಚಿತ್ರ ತಾನೇ, ನಾನೇ ಬರೆದೆ. ಐದು ಛಾಯೆ. ಹಿಂದೆ ಗುಡ್ಡ, ನಡುವೆ ಹೊಳೆ, ಮುಂದೆ ದೋಣಿ. ನಲವತ್ತು ವರ್ಷ ಜಲವರ್ಣ ಮಾಡಿದ ಕೈ. ಹಾಕಿದರೆ ಗುಡ್ಡ ಎದ್ದು ಮುಖದ ಮುಂದೆ ಬಂತು, ದೋಣಿ ಇರಬೇಕಾದ ಜಾಗದಲ್ಲಿ ದೋಣಿಯಾಕಾರದ ಗುಂಡಿ! ಯಂತ್ರಕ್ಕೆ ಚಿತ್ರ ಅರ್ಥವಾಗುವುದಿಲ್ಲ ಬಿಡಿ.

ಬನವಾಸಿ ರಸ್ತೆ

ಮಾಸ್ತರೇ, ನಿಮ್ಮ ಕೈಯದ್ದು ತಪ್ಪಲ್ಲ. ಜಲವರ್ಣದಲ್ಲಿ ದೂರದ ಗುಡ್ಡ ತೆಳು, ಹತ್ತಿರದ್ದು ಗಾಢ. ಇಲ್ಲಿ ತಿರುವು ಮುರುವು, ಹತ್ತಿರದ್ದೇ ಬಿಳಿ. ಗಿಂಪ್‌ನಲ್ಲಿ ಒಂದು ಸಲ ಇನ್ವರ್ಟ್ ಒತ್ತಿದರೆ ನಿಮ್ಮದೇ ಚಿತ್ರ ಸರಿಯಾಗುತ್ತದೆ. ಬ್ಲೆಂಡರ್‌ನಿಂದ ಡೆಪ್ತ್ ತೆಗೆಯುವವರಿಗೂ ಇದೇ ಆಗುತ್ತದೆ, ಅಲ್ಲಿ ದೂರ ಜಾಸ್ತಿ ಆದಷ್ಟೂ ಅಂಕಿ ದೊಡ್ಡದು.

ಕುಮಟೆ ಡ್ರಾಯಿಂಗ್ ಮಾಸ್ತರ್

ಮಾಡಿದೆ. ಗುಡ್ಡ ಹಿಂದೆ ಹೋಯಿತು, ದೋಣಿ ಬಂತು. ಆದರೆ ನಾಟಕ ಕಂಪನಿಯ ಪರದೆ ಥರ ಇದೆ. ದೋಣಿ ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ, ಮರಳು ನೆಟ್ಟಗೆ ಗೋಡೆಯ ಹಾಗೆ.

ಬನವಾಸಿ ರಸ್ತೆ

ಐದು ಸಪಾಟು ಛಾಯೆ ಕೊಟ್ಟಿರಿ, ಐದು ಪರದೆ ಬಂತು. ಒಂದೇ ಬೂದುಬಣ್ಣ ಅಂದರೆ ಆ ಜಾಗವೆಲ್ಲ ನಿಮ್ಮಿಂದ ಒಂದೇ ದೂರದಲ್ಲಿದೆ ಅಂತ ಅರ್ಥ, ಅಂಥದ್ದು ಗೋಡೆ ಮಾತ್ರ. ಮರಳು ಮಲಗಬೇಕಾದರೆ ಕೆಳಗಿನ ಅಂಚಿನಲ್ಲಿ ಬಿಳಿಯಿಂದ ಶುರುವಾಗಿ ನೀರಿನ ಗೆರೆಯವರೆಗೆ ನಿಧಾನ ಕಪ್ಪಾಗುತ್ತಾ ಹೋಗಬೇಕು. ಜಲವರ್ಣದಲ್ಲಿ ಒದ್ದೆ ಹಾಳೆಯ ಮೇಲೆ ಬಣ್ಣ ಇಳಿಸುತ್ತೀರಲ್ಲ, ಹಾಗೆ. ದೋಣಿಗೂ ನಿಮಗೆ ಹತ್ತಿರದ ಮೈ ಸ್ವಲ್ಪ ಬೆಳ್ಳಗೆ, ಆಚೆ ತುದಿ ಸ್ವಲ್ಪ ಕಪ್ಪು.

ಕುಮಟೆ ಡ್ರಾಯಿಂಗ್ ಮಾಸ್ತರ್

ಹಾಗೆ ಹೇಳಿ ಮತ್ತೆ. ಅದು ನನಗೆ ಬರುತ್ತದೆ.

ಕೋಡಿಬಾಗದವಳು

ಗುಡ್ಡ ಬಂತು! 45 ಇಟ್ಟ ಮೇಲೆ ನಾಲ್ಕಕ್ಕೆ ನಾಲ್ಕರಲ್ಲೂ ಬಂತು. ಚೂಪು ಮಾತ್ರ ಹೋಗಿರಲಿಲ್ಲ. ಪ್ರಾಂಪ್ಟಿನಲ್ಲಿ ಬೆಟ್ಟ ಅನ್ನೋ ಪದ ತೆಗೆದು ಕಾಡು ತುಂಬಿದ ತಗ್ಗು ದಿಬ್ಬ ಅಂತ ಇಂಗ್ಲಿಷಲ್ಲಿ ಬರೆದ ಮೇಲೆ ಅದೂ ಸರಿಯಾಯಿತು. ಸೇತುವೆ ನಿಂತಿದೆ, ತೂಕ 0.4.

ಫೋಟೋ ಹಳೇದು, ಅದರಲ್ಲಿ ಹಳೇ ಸೇತುವೆಯೂ ಇದೆ, 2024ರ ಆಗಸ್ಟ್‌ನಲ್ಲಿ ಕುಸಿದದ್ದು. ಗೆರೆ ಎಳೆಯುವಾಗ ಅದನ್ನು ಬಿಟ್ಟು ಹೊಸದನ್ನು ಮಾತ್ರ ಎಳೆದೆ. ಕೈ ಸ್ವಲ್ಪ ತಡೆಯಿತು, ಸುಳ್ಳಲ್ಲ.

ಈಗ ಮಳೆಗಾಲ. ಅದೇ ಮ್ಯಾಪ್‌ಗೆ ಬಿರುಗಾಳಿ, ದೊಡ್ಡ ಅಲೆ ಅಂತ ಬರೆದೆ. ಆಕಾಶ ಭರ್ತಿ ಕಪ್ಪಾಗಿದೆ, ಮಳೆ ಹೊಡೀತಿದೆ, ಆದರೆ ನೀರು ಮಾತ್ರ ಕನ್ನಡಿ. ತೆಂಗಿನಮರ ಸ್ವಲ್ಪವೂ ಅಲುಗದೆ ನೆಟ್ಟಗೆ ನಿಂತಿವೆ.

ಹೊನ್ನಾವರ ಎಕ್ಸ್‌ಪ್ರೆಸ್

ಇದಕ್ಕಾದರೂ ತೂಕ ಇಳಿಸಬಹುದಾ? 😅

ಬನವಾಸಿ ರಸ್ತೆ

ಇಳಿಸಿದರೆ ಅಲೆ ಬರುತ್ತದೆ, ದೋಣಿಯೂ ತೇಲಿಹೋಗುತ್ತದೆ. ಬೆಳಕು ಬದಲಿಸುವಾಗ ಮ್ಯಾಪ್ ಮುಟ್ಟಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಆಕಾರವೇ ಬದಲಾಗುತ್ತದೆ. ಅಲೆ ಆಕಾರ, ಬಾಗಿದ ತೆಂಗು ಆಕಾರ. ಪ್ರಾಂಪ್ಟು ಒಂದು ಹೇಳಿ ಮ್ಯಾಪ್ ಇನ್ನೊಂದು ಹೇಳಿದರೆ 0.8 ತೂಕದಲ್ಲಿ ಮ್ಯಾಪ್ ಗೆಲ್ಲುತ್ತದೆ. ಹಾಗಾಗಿ ಮಳೆಗಾಲಕ್ಕೆ ಬೇರೆಯೇ ಮ್ಯಾಪ್ ಮಾಡಿ. ತೆಂಗಿನಮರ ಎರಡನ್ನೂ ಕತ್ತರಿಸಿ ಬುಡ ಇದ್ದಲ್ಲೇ ಇಟ್ಟು ತಲೆ ಬಾಗಿಸಿ, ಗಿಂಪ್‌ನಲ್ಲಿ ವಾರ್ಪ್ ಮಾಡಿದರೂ ಸಾಕು. ನೀರಿನ ಮೇಲೆ ಮೃದು ಬ್ರಶ್‌ನಲ್ಲಿ ಅಡ್ಡಡ್ಡ ನಾಲ್ಕೈದು ಏರು, ಸುತ್ತಲಿನ ಬೂದುಬಣ್ಣಕ್ಕಿಂತ 15-20 ಜಾಸ್ತಿ. ನೋಡಲು ಅಲೆ ಥರ ಇರಬೇಕಾಗಿಲ್ಲ, ಸಪಾಟಾಗಿ ಇಲ್ಲ ಅಂತ ತಿಳಿದರೆ ಸಾಕು.

ಬೈತಖೋಲ ಮಾಮ

ಅಲ್ಲ ತಂಗಿ, ನಾನು ಎಲ್ಲ ಓದ್ತಾ ಇದ್ದೆ, ಒಂದು ಕೇಳ್ತೇನೆ. ಮಳೆಗಾಲದಲ್ಲಿ ಪಾತಿಯನ್ನು ಹಾಗೆ ಬಾಯಿ ತೆರೆದು ನೀರಿನ ಅಂಚಿಗೆ ಬಿಡ್ತಾರಾ ಯಾರಾದರೂ? ಜೂನ್, ಜುಲೈ ಎರಡು ತಿಂಗಳು ಯಂತ್ರದ ಬೋಟಿಗೆ ಸರ್ಕಾರದ ನಿಷೇಧ. ಕೈದೋಣಿಗೆ ನಿಷೇಧ ಇಲ್ಲದಿದ್ದರೂ ಆ ತೆರೆಯಲ್ಲಿ ಯಾರು ಇಳಿಸ್ತಾರೆ? ಮೇಲೆ ಎಳೆದು ತೆಂಗಿನ ಬುಡಕ್ಕೆ ಹಗ್ಗ ಕಟ್ಟಿ, ಮಡಲಿನ ತಟ್ಟಿಯೋ ತಾಡಪಾಲೋ ಹೊದೆಸಿ ಇಡ್ತಾರೆ. ಮಕ್ಕಳ ಪುಸ್ತಕ ಅಂತೀಯಲ್ಲ, ಕಾರವಾರದ ಮಕ್ಕಳು ನಗ್ತಾರೆ.

ಕೋಡಿಬಾಗದವಳು

ಅಯ್ಯೋ ಮಾಮಾ, ನಮ್ಮ ಮನೆ ಎದುರಿಗೇ ನೋಡಿ ಬೆಳೆದವಳು ನಾನು, ಹೊಳೆಯಲೇ ಇಲ್ಲ!

ಆದರೆ ದೋಣಿ ಅಲ್ಲೇ ಇರಬೇಕು ಅನ್ನೋದೇ ನನ್ನ ಪುಸ್ತಕದ ಆಟ. ಮೇಲೆ ಎಳೆದರೆ ಜಾಗ ಬದಲಾಗುತ್ತದೆ. ಅಲ್ಲೇ ಬಿಟ್ಟು ಹೊದಿಕೆ ಹಾಕಿದರೆ ನಡೆಯುತ್ತದಾ?

ಬೈತಖೋಲ ಮಾಮ

ನೀರು ದೂರ ಕಾಣಿಸಿದರೆ ನಡೀತದೆ. ತೆಂಗು ಹೇಗೂ ಪಕ್ಕದಲ್ಲೇ ಇದೆ ಅಂದೆಯಲ್ಲ.

ಕೋಡಿಬಾಗದವಳು

ಮಾಡಿದೆ. ಮ್ಯಾಪ್‌ನಲ್ಲಿ ದೋಣಿಯ ಒಳಗಿನ ಕಪ್ಪು ಹೊಟ್ಟೆ ಮುಚ್ಚಿ ಮೇಲೆ ಉಬ್ಬು ಎಳೆದೆ, ನಡುವೆ 200, ಅಂಚಿಗೆ 175. ತೆಂಗು ಬಾಗಿದೆ, ನೀರು ಕುದಿಯುತ್ತಿದೆ. ಆದರೆ ಹೊದಿಕೆಯನ್ನು ಅದು ಪ್ರತಿ ಸಲವೂ ಟೆಂಟ್ ಮಾಡುತ್ತದೆ, ಒಳಗೆ ದೀಪ ಹಚ್ಚಿದ ಪ್ರವಾಸಿಗರ ಟೆಂಟು! ಒಮ್ಮೆ ಬಾಗಿಲೂ ಇಟ್ಟಿತ್ತು. ತೇಲುಮರಕ್ಕೆ ಸೇತುವೆಯ ಹಾಗೆ ಗೆರೆ ಎಳೆದು ನೋಡಿದೆ, ಅದನ್ನು ದಡದಲ್ಲಿ ಬಿದ್ದ ಮರದ ದಿಮ್ಮಿ ಮಾಡಿತು, ದೋಣಿಗೆ ಕಟ್ಟಲೇ ಇಲ್ಲ.

ಬನವಾಸಿ ರಸ್ತೆ

ತೇಲುಮರದ ವಿಷಯದಲ್ಲಿ ನನಗೂ ದಾರಿ ಕಾಣುತ್ತಿಲ್ಲ. ಆಕಾರ ಎಷ್ಟು ಕೊಟ್ಟರೂ ಅದು ಏನು ಅನ್ನೋದು ಮಾಡೆಲ್‌ಗೆ ಗೊತ್ತಿರಬೇಕಲ್ಲ, ಪಾತಿ ದೋಣಿಯನ್ನು ಅದು ಎಷ್ಟು ನೋಡಿದೆಯೋ. ನಮ್ಮೂರಿನ ಫೋಟೋ ಇಪ್ಪತ್ತು ಮೂವತ್ತು ಸೇರಿಸಿ ಮಾಡೆಲ್‌ಗೆ ಜೋಡಿಸುವ ಸಣ್ಣ ತುಣುಕು, ಒಂದು ಲೋರಾ, ಕಲಿಸಿದರೆ ಬರಬಹುದು, ನಾನು ಮಾಡಿ ನೋಡಿಲ್ಲ. ಟೆಂಟಿಗೆ ಮಾತ್ರ ಹೀಗೆ ನೋಡಿ: ಉಬ್ಬು ಕಡಿಮೆ ಮಾಡಿ, ದೋಣಿಯ ಎರಡು ಮೂತಿಯೂ ಹೊದಿಕೆಯಿಂದ ಹೊರಗೆ ಇಣುಕುವ ಹಾಗೆ ಬಿಡಿ. ಮೂತಿ ಕಂಡರೆ ದೋಣಿ ಅಂತ ಹೊಳೆಯುತ್ತದೆ. ಪ್ರಾಂಪ್ಟಿನಲ್ಲಿ ತಾಡಪಾಲು ಬಿಟ್ಟು ಒಣ ತೆಂಗಿನ ಗರಿ ಅಂತ ಹಾಕಿ.

ಕುಮಟೆ ಡ್ರಾಯಿಂಗ್ ಮಾಸ್ತರ್

ಆ ತೇಲುಮರವನ್ನು ಕೊನೆಗೆ ಕೈಯಲ್ಲೇ ಬರೆದುಬಿಡಬಾರದೇ ಮಗಳೇ? ಎರಡು ಕೋಲು, ಒಂದು ದಿಮ್ಮಿ. ಐದು ನಿಮಿಷದ ಕೆಲಸ. ನಾಲ್ಕು ಚಿತ್ರ ಕಳಿಸು, ನಾನು ಬರೆದು ಕೊಡುತ್ತೇನೆ.

ಬೈತಖೋಲ ಮಾಮ

ಮಾಸ್ತರೇ, ಕಟ್ಟುವುದು ಒಂದೇ ಬದಿಗೆ. ಎರಡೂ ಬದಿಗೆ ಬರೆದುಬಿಟ್ಟೀರಿ ಮತ್ತೆ.

ಕೋಡಿಬಾಗದವಳು

ಗರಿ ಹಾಕಿದ ಮೇಲೆ ಟೆಂಟ್ ಹೋಯಿತು, ಎಂಟರಲ್ಲಿ ಆರು ಸರಿ ಬಂತು. ಉಳಿದೆರಡರಲ್ಲಿ ಗುಡಿಸಲು. ಮಾಸ್ತರೇ, ನಾಲ್ಕೂ ಚಿತ್ರ ಇವತ್ತು ರಾತ್ರಿ ಕಳಿಸುತ್ತೇನೆ. ತೇಲುಮರ ಎಡಬದಿಗೆ, ತೆಂಗಿನಮರದ ಕಡೆಗೆ.